ಕಾಲುಂಗುರ ತೆಗೆದಿಟ್ಟಿದ್ದೇನೆ

ಐಂಡ್‌ಹೋವನ್, ನೆದರ್ಲೆಂಡ್ಸ್
12 ನವೆಂಬರ್ 2025

ಮಾತೃಶ್ರೀ ಅವ್ವನಿಗೆ,

ನಿನ್ನ ಮಗಳು ಗಿರಿಜಾ ಮಾಡುವ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ಅಪ್ಪ, ಅಣ್ಣ, ಅತ್ತಿಗೆ, ಮಕ್ಕಳು ಕ್ಷೇಮವಾಗಿರುವರೆಂದು ನಂಬಿದ್ದೇನೆ.

ದಿನವೂ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಿನ್ನ ದನಿ ಒಡೆದರೆ ನನಗೆ ಮಾತೇ ಹೊರಡುವುದಿಲ್ಲ. ಕಳೆದ ಭಾನುವಾರ ಹಾಗೇ ಆಯಿತು. "ಚೊಚ್ಚಲ ಹೆರಿಗೆ ತವರಿನಲ್ಲಿ ಆಗದೆ ಮತ್ತೆಲ್ಲಿ ಆಗಬೇಕು?" ಎಂದು ನೀನು ಕೇಳಿದೆ. ಸಿಗ್ನಲ್ ಇಲ್ಲ ಎಂದು ನಾನು ಫೋನ್ ಇಟ್ಟೆ. ಸಿಗ್ನಲ್ ಇತ್ತು, ಅವ್ವ. ಆ ಸುಳ್ಳು ಮೂರು ದಿನದಿಂದ ಎದೆಯಲ್ಲಿ ಕುಳಿತಿದೆ. ಕೊಪ್ಪಳಕ್ಕೆ ಹೊರಟಿರುವ ಪರಿಚಯದವರ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ಇದನ್ನು ನೀನೇ ಓದು, ಅಣ್ಣನ ಕೈಯಲ್ಲಿ ಓದಿಸಬೇಡ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಕಾಲುಂಗುರ ತೆಗೆದಿಟ್ಟಿದ್ದೇನೆ.

ಹದಿನೈದು ದಿನದಿಂದ ಸಂಜೆಯಾದರೆ ಪಾದ ಊದಿಕೊಳ್ಳುತ್ತಿತ್ತು. ಶನಿವಾರ ನೋಡಿದರೆ ಬಲಗಾಲಿನ ಬೆರಳು ಉಂಗುರದ ಎರಡೂ ಕಡೆ ಉಬ್ಬಿ ಕೆಂಪಗಾಗಿತ್ತು. ನಿನ್ನ ಅಳಿಯ ಬಚ್ಚಲ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಹೊಲಿಗೆ ದಾರವನ್ನು ಬೆರಳಿಗೆ ಒತ್ತೊತ್ತಾಗಿ ಸುತ್ತಿ, ಸೋಪಿನ ನೀರು ಬಿಟ್ಟು, ದಾರದ ಒಂದೊಂದೇ ಸುತ್ತು ಬಿಚ್ಚುತ್ತ ಉಂಗುರವನ್ನು ಮುಂದಕ್ಕೆ ಸರಿಸಿದರು. ಅರ್ಧ ಗಂಟೆ ಹಿಡಿಯಿತು. ಉಂಗುರ ಕೈಗೆ ಬಂದಾಗ ಬೆರಳಿನ ಬುಡದಲ್ಲಿ ಬೆಳ್ಳನೆಯ ಒಂದು ತಗ್ಗು ಕಾಣಿಸಿತು. ಅದು ನಿನ್ನ ಕಾಲು, ಅವ್ವ. ಹಿತ್ತಲ ಕಲ್ಲಿನ ಮೇಲೆ ಕುಳಿತು ನೀನು ಹಿಮ್ಮಡಿ ತಿಕ್ಕಿಕೊಳ್ಳುವಾಗ ನಾನು ಚಿಕ್ಕವಳಾಗಿ ನೋಡುತ್ತಿದ್ದ ಅದೇ ತಗ್ಗು. ನನ್ನ ಮದುವೆಯಾಗಿ ನಾಲ್ಕೇ ವರ್ಷವಾಗಿದೆ, ನನ್ನ ಕಾಲಿಗೂ ಅದು ಬಂದಿದೆ. ಅಳು ತಡೆಯಲಾಗಲಿಲ್ಲ. ನೋವಾಯಿತೇನೋ ಎಂದು ಅವರು ಹೆದರಿದರು.

ಉಂಗುರಗಳನ್ನು ಕುಂಕುಮದ ಭರಣಿಯಲ್ಲಿ ಹಾಕಿ ದೇವರ ಗೂಡಿನಲ್ಲಿಟ್ಟಿದ್ದೇನೆ. ಸಿಂಧನೂರಿನ ಅತ್ತೆಯವರಿಗೆ ನೀನೇ ಸಮಯ ನೋಡಿ ಹೇಳು. ನಾನು ಹೇಳಿದರೆ ಅಪಶಕುನ ಎಂದುಕೊಂಡಾರು, ನೀನು ಹೇಳಿದರೆ ಬೇರೆ. ಊತದ ಬಗ್ಗೆ ಚಿಂತೆ ಮಾಡಬೇಡ. ಸೋಮವಾರವೇ ಹೋಗಿ ತೋರಿಸಿದೆ. ರಕ್ತದೊತ್ತಡ ಸರಿಯಾಗಿದೆ, ಮೂತ್ರದಲ್ಲಿ ದೋಷವಿಲ್ಲ. ವಿಪರೀತ ತಲೆನೋವು ಬಂದರೆ, ಕಣ್ಣು ಮಂಜಾದರೆ ರಾತ್ರಿಯಾದರೂ ಫೋನ್ ಮಾಡಬೇಕೆಂದು ಹೇಳಿದ್ದಾರೆ.

ಈಗ ಇಪ್ಪತ್ತೇಳು ವಾರ ತುಂಬಿದೆ. ಹೊಕ್ಕುಳಿನಿಂದ ಕೆಳಕ್ಕೆ ಕಾಡಿಗೆಯಲ್ಲಿ ಎಳೆದಂತೆ ಒಂದು ಕಪ್ಪು ಗೆರೆ ಮೂಡಿದೆ. ಕತ್ತು, ಕಂಕುಳು ಕಪ್ಪಾಗಿವೆ. ಹೊಟ್ಟೆಯ ಎರಡೂ ಪಕ್ಕದಲ್ಲಿ ಚರ್ಮ ಹಿಗ್ಗಿ, ಬೇಸಿಗೆಯಲ್ಲಿ ಎರೆಹೊಲ ಬಿರಿದಂತೆ ಗೆರೆಗಳು ಬಿದ್ದಿವೆ. ರಾತ್ರಿ ತುರಿಕೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಕೂಸು ಎದ್ದು ಬಲಪಕ್ಕೆಗೆ ಒದೆಯಲು ಶುರು ಮಾಡುತ್ತದೆ. ಆಗ ನಿಮಗಲ್ಲಿ ಎಂಟೂವರೆ, ನೀನು ರೊಟ್ಟಿ ಬಡಿಯುವ ಹೊತ್ತು. ನಿನ್ನ ರೊಟ್ಟಿಯ ಸಪ್ಪಳಕ್ಕೇ ಏಳುತ್ತದೆ ಎಂದು ನಿನ್ನ ಅಳಿಯನಿಗೆ ಹೇಳುತ್ತೇನೆ.

ಇದನ್ನೆಲ್ಲ ನಿನಗಲ್ಲದೆ ಯಾರಿಗೆ ಹೇಳಲಿ? ಆದರೂ ಹೇಳಲು ನಾಚಿಕೆಯಾಗುತ್ತದೆ, ಯಾಕೆಂದರೆ ನಮ್ಮ ಮನೆಯಲ್ಲಿ ಮೈಯ ಮಾತನ್ನು ಯಾರೂ ಆಡಿದವರಲ್ಲ. ನನ್ನನ್ನು ಹೊತ್ತಾಗ ನಿನಗೆ ಏನೇನಾಯಿತು? ನಿನಗೂ ಕಾಲು ಊದಿತ್ತೇ? ಭಯವಾಗಿತ್ತೇ? ಊಟಕ್ಕೆ ಏನು ಕೊಟ್ಟರು, ಏನು ಬೇಡವೆಂದರು ಎಂಬುದಷ್ಟೇ ನನಗೆ ಗೊತ್ತು. ನೀನು ಹೇಗಿದ್ದೆ ಎಂಬುದು ಗೊತ್ತಿಲ್ಲ. ಒಂದು ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಫೋನ್ ಮಾಡಿ ಹೇಳು. ಎಷ್ಟು ಹೊತ್ತಾದರೂ ಕೇಳುತ್ತೇನೆ.

ನನ್ನ ಬಯಕೆ ಏನೆಂದು ಪ್ರತಿಸಲ ಕೇಳುತ್ತೀಯ, ನಾನು ಮಂಡಕ್ಕಿ, ಮಿರ್ಚಿ ಎನ್ನುತ್ತೇನೆ. ನಿಜವಾದ ಬಯಕೆ ಮಣ್ಣು. ಮೊದಲ ಮಳೆ ಬಿದ್ದ ಎರೆಮಣ್ಣಿನ ವಾಸನೆ ಮೂಗಿಗೆ ಬಂದಂತಾಗಿ ಬಾಯಲ್ಲಿ ನೀರೂರುತ್ತದೆ. ಇಲ್ಲಿಯ ಸೂಲಗಿತ್ತಿಗೆ ಅಂಜುತ್ತಲೇ ಹೇಳಿದೆ. ಆಕೆ ನಗಲಿಲ್ಲ, ಕೂಡಲೇ ರಕ್ತ ತೆಗೆಸಿದಳು. ಕಬ್ಬಿಣದ ಅಂಶ ಕಡಿಮೆ ಇತ್ತು, ಮಾತ್ರೆ ಕೊಟ್ಟಿದ್ದಾಳೆ. ಬಸುರಿಯಾಗಿದ್ದಾಗ ಅತ್ತಿಗೆ ಬಳಪ ತಿನ್ನುತ್ತಿದ್ದಳಲ್ಲ, ನಾವೆಲ್ಲ ಬೈದು ಕಸಿದುಕೊಂಡೆವು. ಪಾಪ, ಅವಳ ರಕ್ತವನ್ನೂ ಆಗ ಪರೀಕ್ಷೆ ಮಾಡಿಸಬೇಕಿತ್ತು.

ಸೂಲಗಿತ್ತಿ ಎಂದೆನಲ್ಲ, ಅದು ಬಾಯ್ತಪ್ಪಿ ಬಂದ ಮಾತಲ್ಲ. ಇಲ್ಲಿ ತೊಡಕಿಲ್ಲದ ಬಸಿರನ್ನು ನೋಡಿಕೊಳ್ಳುವವಳು ಡಾಕ್ಟರಲ್ಲ, ಅದಕ್ಕೆಂದೇ ನಾಲ್ಕು ವರ್ಷ ಓದಿದ ಸೂಲಗಿತ್ತಿ. ಮನೆಯಲ್ಲೇ ಹೆರುವವರೂ ಇದ್ದಾರೆ. ನಾನು ಆಸ್ಪತ್ರೆಗೇ ಹೋಗುತ್ತೇನೆ, ಹೆದರಬೇಡ. ಹೆರಿಗೆಯಾದ ಮೇಲೆ ಬಾಣಂತಿಯನ್ನು ನೋಡಿಕೊಳ್ಳಲು ಒಬ್ಬಾಕೆ ವಾರಕ್ಕೂ ಹೆಚ್ಚು ದಿನ ಮನೆಗೇ ಬರುತ್ತಾಳೆ. ಇದಕ್ಕೆ ಕ್ರಾಮ್‌ಜೋರ್ಗ್ ಎನ್ನುತ್ತಾರೆ, ಖರ್ಚಿನ ಬಹುಪಾಲು ವಿಮೆಯವರದು. ಹೊಲಿಗೆ ನೋಡುತ್ತಾಳೆ, ಕೂಸನ್ನು ತೂಗುತ್ತಾಳೆ, ಮೊಲೆ ಕುಡಿಸುವುದನ್ನು ಕಲಿಸುತ್ತಾಳೆ. ಆಕೆಯ ಬೆನ್ನಿಗೆ ನೋವಾಗಬಾರದೆಂದು ನಮ್ಮ ಮಂಚವನ್ನು ನೆಲದಿಂದ ಎಂಬತ್ತು ಸೆಂಟಿಮೀಟರ್ ಎತ್ತರಕ್ಕೆ ಏರಿಸಬೇಕು, ಅದಕ್ಕೆ ಕಾಲಿನ ಕೆಳಗಿಡುವ ದಿಮ್ಮಿಗಳು ಬಾಡಿಗೆಗೆ ಸಿಗುತ್ತವೆ. ಅವುಗಳನ್ನು ಕಂಡಾಗ ಅತ್ತಿಗೆಯ ಬಾಣಂತನ ನೆನಪಾಯಿತು. ಕೆಳಗೆ ಕೆಂಡದ ಬುಟ್ಟಿ ಇಡಬೇಕೆಂದು ಹೊರಸಿನ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಎತ್ತರಿಸಿದವಳು ನೀನು. ಕೂಸು ಹುಟ್ಟಿದ ಮನೆಗೆ ಬಂದವರಿಗೆ ಇಲ್ಲಿಯವರು ಒಣ ರೊಟ್ಟಿಯಂಥ ಬಿಸ್ಕತ್ತಿಗೆ ಬೆಣ್ಣೆ ಹಚ್ಚಿ, ಸಕ್ಕರೆ ಲೇಪಿಸಿದ ಸೋಂಪಿನ ಕಾಳು ಉದುರಿಸಿ ಕೊಡುತ್ತಾರೆ. ಬಾಣಂತಿಗೆ ಹಾಲು ಬರಲು ಸೋಂಪು ಒಳ್ಳೆಯದೆಂದು ಇಲ್ಲಿಯ ಅಜ್ಜಿಯರೂ ನಂಬಿದ್ದರಂತೆ.

ಆದರೂ ಎಂಟು ಹತ್ತು ದಿನ ಬರುವ ಆಕೆ ನೀನಾಗುವುದಿಲ್ಲ. ಊರಿಗೆ ಬಂದರೆ ನಿನ್ನ ಅಳಿಯನಿಗೆ ಅಷ್ಟು ರಜೆ ಸಿಗುವುದಿಲ್ಲ. ಹೆರಿಗೆಯ ಹೊತ್ತಿಗೆ ಇವರು ಪಕ್ಕದಲ್ಲಿರಬೇಕೆಂಬುದು ನನ್ನ ಆಸೆ. ತವರಿಗೆ ನಾನು ಬರಲಾಗುವುದಿಲ್ಲ, ಆದ್ದರಿಂದ ತವರೇ ಇಲ್ಲಿಗೆ ಬರಲಿ. ನೀನು ಬಾ. ವೀಸಾ ತೊಂಬತ್ತು ದಿನಕ್ಕೆ ಸಿಗುತ್ತದೆ. ನಿನಗೆ ಗವಿಮಠದ ಜಾತ್ರೆ ತಪ್ಪಬಾರದು. ಜನವರಿ ಮೊದಲ ವಾರದಲ್ಲಿ ತೇರು ಎಳೆದ ಮೇಲೆ ಹೊರಡು. ಫೆಬ್ರುವರಿ ಎರಡನೇ ವಾರ ನನ್ನ ದಿನ. ಅಪ್ಪನ ಊಟಕ್ಕೆ ಅತ್ತಿಗೆ ಇದ್ದಾಳೆ. ನಾನು ಅವಳೊಂದಿಗೆ ಮಾತಾಡಿದ್ದೇನೆ, ಸಂತೋಷದಿಂದ ಒಪ್ಪಿದ್ದಾಳೆ.

ನೀನು ಹೇಳಿದ ಶಾಸ್ತ್ರಗಳಲ್ಲಿ ನಾನು ತಳ್ಳಿಹಾಕಿದ್ದು ಕಡಿಮೆ. ಸೆಪ್ಟೆಂಬರ್ 7ರ ಗ್ರಹಣದ ದಿನ ಇಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು. ನಾನು ಚಾಕು ಮುಟ್ಟಲಿಲ್ಲ, ಹೊರಗೆ ಕಾಲಿಡಲಿಲ್ಲ. ಗ್ರಹಣದಿಂದ ಕೂಸಿಗೆ ಏನಾದರೂ ಆಗುತ್ತದೆಂದು ನಾನು ನಂಬುವುದಿಲ್ಲ. ನೀನು ನೆಮ್ಮದಿಯಾಗಿ ಮಲಗಲಿ ಎಂದು ಹಾಗೆ ಮಾಡಿದೆ. ಆದರೆ ಕೆಲವು ವಿಷಯದಲ್ಲಿ ನನ್ನ ಮಾತು ನಡೆಯಬೇಕು. ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು ಬೇಡ, ವರ್ಷ ತುಂಬುವವರೆಗೆ ಅದು ಅಪಾಯ. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎನ್ನಬೇಡ. ಹಾಲೂಡುವವಳಿಗೆ ನೀರಡಿಕೆ ಹೆಚ್ಚು, ನಾನು ಕುಡಿಯುತ್ತೇನೆ. ಕೆಂಡ, ಲೋಬಾನದ ಹೊಗೆ ಬೇಡ. ಕಾಡಿಗೆ ಕಣ್ಣಿಗೆ ಬೇಡ, ಅಂಗಾಲಿಗೆ ದೃಷ್ಟಿಬೊಟ್ಟು ಇಡು. ಇನ್ನುಳಿದದ್ದೆಲ್ಲ ನಿನ್ನ ಇಷ್ಟ. ಎಣ್ಣೆನೀರು ಹಾಕು, ಹೊಟ್ಟೆ ಕಟ್ಟು, ಐದನೆಯ ದಿನ ಸೆಟಿಗೆವ್ವನ ಪೂಜೆ ಮಾಡು, ರಾತ್ರಿಯಿಡೀ ದೀಪ ನಾನೇ ಕಾಯುತ್ತೇನೆ.

ಗಂಡೋ ಹೆಣ್ಣೋ ಎಂದು ಅತ್ತೆಯವರು ಎರಡು ಬಾರಿ ಕೇಳಿದರು. ಇಲ್ಲಿ ಕೇಳಿದರೆ ಹೇಳುತ್ತಾರೆ, ಊರಿನಂತೆ ನಿಷೇಧವಿಲ್ಲ. ನಾವಿಬ್ಬರೂ ಕೇಳಲಿಲ್ಲ, ಕೇಳುವುದೂ ಇಲ್ಲ.

ಹೆಸರಿನದು ಒಂದು ತೊಡಕಿದೆ. ಹುಟ್ಟಿದ ಮೂರು ದಿನದೊಳಗೆ ನಗರಸಭೆಯಲ್ಲಿ ಹೆಸರು ಬರೆಸಲೇಬೇಕು, ಹದಿಮೂರನೆಯ ದಿನದವರೆಗೆ ಕಾಯುವಂತಿಲ್ಲ. ಅದು ಕಾಗದಪತ್ರಕ್ಕೆ. ಕಿವಿಯಲ್ಲಿ ಹೆಸರು ಕೂಗುವ ಶಾಸ್ತ್ರವನ್ನು ಊರಿಗೆ ಬಂದಾಗಲೇ ಮಾಡೋಣ, ಅಟ್ಟದ ಮೇಲಿರುವ ಕಿನ್ನಾಳದ ತೊಟ್ಟಿಲಿನಲ್ಲಿ. ಅದಕ್ಕೆ ಅಂಗಡಿಯ ಪೇಂಟ್ ಬಳಿಸಲು ಅಣ್ಣನಿಗೆ ಬಿಡಬೇಡ. ಗಿಳಿಯ ಕೊಕ್ಕಿನ ಕೆಂಪು ಮಾಸಿದ್ದರೂ ಹಾಗೇ ಇರಲಿ, ಅದನ್ನು ನೋಡುತ್ತಲೇ ನಾನು ಮಲಗಿದ್ದೆ.

ಬರುವಾಗ ಅಂಟು, ಅಳವಿ, ಉತ್ತತ್ತಿ, ಒಣಕೊಬ್ಬರಿ, ಬಾಣಂತಿ ಖಾರ ತಾ. ತುಪ್ಪ, ಪೇಡೆ ತರಬೇಡ, ಹಾಲಿನ ಪದಾರ್ಥ ಇಲ್ಲಿ ಒಳಗೆ ಬಿಡುವುದಿಲ್ಲ. ಬೆಣ್ಣೆ ಒಳ್ಳೆಯದು ಸಿಗುತ್ತದೆ, ನಾವೇ ಕಾಯಿಸೋಣ. ನಿನ್ನ ಹಳೆಯ ಸೀರೆಗಳಲ್ಲಿ ಹೊಲಿದ ಸಣ್ಣ ಕೌದಿ ಮತ್ತು ಕುಂಚಿಗೆ ಮರೆಯಬೇಡ. ನಿನಗೆ ಉಣ್ಣೆಯ ಕೋಟು, ಬೂಟು ನಾನು ತೆಗೆದಿಟ್ಟಿದ್ದೇನೆ, ಸಾಲ ಮಾಡಿ ಕೊಳ್ಳಬೇಡ.

ಕುಬಸವನ್ನು ಮಾತ್ರ ನೀನು ಬರುವವರೆಗೆ ತಡೆಯಲಾಗದು, ಏಳನೆಯ ತಿಂಗಳಲ್ಲೇ ಆಗಲಿ ಎಂದು ಅತ್ತೆಯವರ ಆಸೆ. ಇಲ್ಲಿ ಹುಬ್ಬಳ್ಳಿಯವರೊಬ್ಬರು, ಗಂಗಾವತಿಯವರೊಬ್ಬರು ಇದ್ದಾರೆ. ಅವರೇ ಕೂರಿಸಿ ಉಡಿ ತುಂಬುತ್ತಾರೆ. ನೀನು ಫೋನಿನಲ್ಲಿ ಆರತಿ ಹಾಡು. ಹಸಿರು ಸೀರೆ, ಕುಬಸದ ಕಣ, ಬಳೆ ಮೂರನ್ನೂ ಈ ತಿಂಗಳ ಕೊನೆಯೊಳಗೆ ಪಾರ್ಸೆಲ್ ಮಾಡಿಸು. ಬಳೆ ತರುವಾಗ ಒಂದು ನೆನಪಿಡು, ಮದುವೆಯಲ್ಲಿ ನನ್ನದು ಎರಡು-ನಾಲ್ಕರ ಅಳತೆ ಇತ್ತು. ಈಗ ಕೈಯೂ ತುಂಬಿಕೊಂಡಿದೆ, ಎರಡು-ಆರು ಬೇಕು. ಗಾಜಿನದೇ ಇರಲಿ. ದಾರಿಯಲ್ಲಿ ಒಡೆದರೂ ಉಳಿಯಲಿ ಎಂದು ಎರಡು ಡಜನ್ ಹಾಕಿಸು.

ನಿನ್ನ ಮಗಳು,
ಗಿರಿಜಾ