ಎಲೆಯೊಳಗಿನ ಅಡುಗೆಮನೆ

ಅನಿಮೇಷನ್ ಸ್ಕ್ರಿಪ್ಟ್. 7ನೇ ತರಗತಿ ಮತ್ತು ಮೇಲಿನ ಮಕ್ಕಳಿಗೆ. ಸುಮಾರು 9 ನಿಮಿಷ.
ಧ್ವನಿಗಳು: ಚಿನ್ನು (12 ವರ್ಷ), ಅಜ್ಜಿ, ನಿರೂಪಕಿ

ದೃಶ್ಯ 1: ಹಿತ್ತಲು

(ತುಮಕೂರು ಕಡೆಯ ಒಂದು ಮನೆ. ಬೆಳಗ್ಗೆ ಎಂಟೂವರೆ. ಸಿಮೆಂಟ್ ಕುಂಡದಲ್ಲಿ ಕೆಂಪು ದಾಸವಾಳದ ಗಿಡ, ಹೆಚ್ಚುಕಮ್ಮಿ ಚಿನ್ನುವಿನಷ್ಟೇ ಎತ್ತರ. ಪಕ್ಕದ ಜಗುಲಿಯ ಮೇಲೆ ಹಳೇ ಈಳಿಗೆಮಣೆ, ಅರ್ಧ ಹೆಚ್ಚಿದ ಹುರುಳಿಕಾಯಿ. ಅಜ್ಜಿ ಗಿಡದ ಬುಡಕ್ಕೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕುತ್ತಿದ್ದಾರೆ.)

ಚಿನ್ನು: ಏನ್ ಮಾಡ್ತಿದ್ದೀಯ ಅಜ್ಜಿ?

ಅಜ್ಜಿ: ಗಿಡಕ್ಕೆ ಊಟ ಹಾಕ್ತಿದ್ದೀನಿ ಕಣೇ. ಮಣ್ಣಲ್ಲಿ ಸಾರ ಇದ್ರೆ ತಾನೇ ಬೆಳೆಯೋದು?

ಚಿನ್ನು: (ಕುಂಡದೊಳಗೆ ಬಗ್ಗಿ ನೋಡುತ್ತಾ) ನೀನು ನೆಟ್ಟಾಗ ಇದು ಒಂದು ಗೇಣು ಕಡ್ಡಿ ಅಲ್ವಾ? ನಾನಾಗ ಮೂರನೇ ಕ್ಲಾಸು. ಈಗ ನನ್ನಷ್ಟು ಎತ್ತರ ಇದೆ. ಮಣ್ಣು ತಿಂದೇ ಇಷ್ಟು ಬೆಳೆದಿದ್ರೆ ಕುಂಡ ಖಾಲಿ ಆಗಬೇಕಿತ್ತಲ್ಲ ಅಜ್ಜಿ? ಮಣ್ಣು ಇದ್ದಷ್ಟೇ ಇದೆ!

(ಅಜ್ಜಿಯ ಕೈ ಅಲ್ಲೇ ನಿಲ್ಲುತ್ತದೆ. ಬಾಗಿ ಅವರೂ ಕುಂಡದೊಳಗೆ ನೋಡುತ್ತಾರೆ.)

ನಿರೂಪಕಿ: ಇದೇ ಪ್ರಶ್ನೆ 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬುವರನ್ನೂ ಕಾಡಿತ್ತು. ಅವರು ಒಂದು ಕುಂಡದ ಮಣ್ಣನ್ನು ಒಣಗಿಸಿ, ತೂಗಿ, ಅದರಲ್ಲಿ ಒಂದು ವಿಲೋ ಸಸಿ ನೆಟ್ಟರು. 5 ವರ್ಷ ಬರೀ ನೀರು ಹಾಕಿದರು. ಮರದ ತೂಕ ಸುಮಾರು 74 ಕಿಲೋ ಹೆಚ್ಚಿತು. ಮಣ್ಣು ಕಮ್ಮಿಯಾದದ್ದು ಎಷ್ಟು ಗೊತ್ತಾ? 60 ಗ್ರಾಂ ಕೂಡ ಇಲ್ಲ.

(ತೆರೆಯ ಮೇಲೆ ತಕ್ಕಡಿ. ಒಂದು ತಟ್ಟೆಯಲ್ಲಿ ಮರ, ಇನ್ನೊಂದರಲ್ಲಿ ಒಂದು ಹಿಡಿ ಮಣ್ಣು. ಈ ಚಿತ್ರ ಪೂರ್ತಿ ಎರಡು ಸೆಕೆಂಡು ಹಾಗೇ ನಿಲ್ಲಲಿ. ಮಕ್ಕಳು ನೋಡಿ ಬೆರಗಾಗಬೇಕು.)

ನಿರೂಪಕಿ: ಮರ ಆಗಿರೋದು ನೀರಿನಿಂದಲೇ ಅಂತ ಅವರು ತೀರ್ಮಾನಿಸಿದರು. ನೀರಿನ ಪಾಲು ಇರೋದು ನಿಜ. ಆದರೆ ಇನ್ನೊಂದು ಸಾಮಾನು ಅವರ ಸುತ್ತಲೇ ಇತ್ತು, ಕಣ್ಣಿಗೆ ಬೀಳಲಿಲ್ಲ. ಬನ್ನಿ, ಎಲೆಯೊಳಗೆ ಹೋಗಿ ಹುಡುಕೋಣ.

ದೃಶ್ಯ 2: ಕಿಟಕಿ

(ಚಿನ್ನು ಒಂದು ಎಲೆಯನ್ನು ಮಗುಚುತ್ತಾಳೆ. ಇಬ್ಬರೂ ಸಣ್ಣಗಾಗುತ್ತಾ ಹೋಗುತ್ತಾರೆ. ಮೊದಲು ಇರುವೆಯಷ್ಟು, ಆಮೇಲೆ ಸಾಸಿವೆಯಷ್ಟು, ಆಮೇಲೆ ಕಣ್ಣಿಗೇ ಕಾಣದಷ್ಟು. ಎಲೆಯ ಅಡಿಭಾಗ ಈಗ ತಲೆಯ ಮೇಲೊಂದು ಹಸಿರು ಮಾಳಿಗೆಯ ಹಾಗೆ. ಅದರ ತುಂಬ ಪುಟ್ಟ ಪುಟ್ಟ ಸೀಳುಗಳು.)

ಅಜ್ಜಿ: ಇದೇನೇ ಇಷ್ಟೊಂದು ತೂತು? ಹುಳ ಬಿದ್ದಿದ್ಯಾ?

ನಿರೂಪಕಿ: ಹುಳ ಅಲ್ಲ ಅಜ್ಜಿ, ಕಿಟಕಿಗಳು. ಪತ್ರರಂಧ್ರ ಅಂತಾರೆ. ಒಂದು ಸಾಸಿವೆ ಕಾಳು ಕೂರುವಷ್ಟು ಜಾಗದಲ್ಲೇ ಇಂಥವು ನೂರಾರು ಇರುತ್ತವೆ.

(ಒಂದು ಕಿಟಕಿ ಹತ್ತಿರ ಬರುತ್ತದೆ. ಎರಡು ಹುರುಳಿಕಾಯಿ ಬೀಜಗಳನ್ನು ಎದುರುಬದುರು ಇಟ್ಟ ಹಾಗೆ ಎರಡು ಕೋಶ. ಅವುಗಳೊಳಗೆ ನೀರು ತುಂಬುತ್ತದೆ. ತುಂಬಿದಂತೆ ಉಬ್ಬಿ, ಬಿಲ್ಲಿನ ಹಾಗೆ ಬಾಗುತ್ತವೆ. ನಡುವಿನ ಸೀಳು ಮೆಲ್ಲಗೆ ತೆರೆಯುತ್ತದೆ. ಈ ಚಲನೆ ನಿಧಾನವಾಗಿರಲಿ, ಹಿನ್ನೆಲೆ ಸಂಗೀತ ಬೇಡ.)

ನಿರೂಪಕಿ: ಇವು ಕಾವಲು ಕೋಶಗಳು. ನೀರು ತುಂಬಿ ಉಬ್ಬಿದರೆ ಕಿಟಕಿ ತೆರೆಯುತ್ತದೆ. ನೀರು ಇಳಿದು ಜೋತರೆ ಮುಚ್ಚುತ್ತದೆ.

(ಗಾಳಿ ಒಳಗೆ ನುಗ್ಗುತ್ತದೆ. ನೂರಾರು ನೀಲಿ ಮತ್ತು ಬಿಳಿ ಚುಕ್ಕಿಗಳು, ಅಲ್ಲೊಂದು ಇಲ್ಲೊಂದು ಬೂದು ಚುಕ್ಕಿ.)

ನಿರೂಪಕಿ: ಆ ಬೂದು ಚುಕ್ಕಿ ಕಾರ್ಬನ್ ಡೈಆಕ್ಸೈಡ್. ಅಡುಗೆಗೆ ಬೇಕಾದ ಮುಖ್ಯ ಸಾಮಾನು ಅದೇ. ಗಾಳಿಯ 10,000 ಕಣಗಳಲ್ಲಿ ಅದರದ್ದು ಸುಮಾರು 4 ಮಾತ್ರ.

ಅಜ್ಜಿ: ಅಯ್ಯೋ, ಅಷ್ಟೇನಾ? ಒಂದು ಮೂಟೆ ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗಾಯ್ತಲ್ಲ!

ಚಿನ್ನು: ಹಾಗಾದ್ರೆ ಕಿಟಕಿ ಯಾವಾಗ್ಲೂ ತೆಗೆದೇ ಇಡಬಹುದಲ್ವಾ?

ನಿರೂಪಕಿ: ತೆಗೆದಿಟ್ಟರೆ ಒಳಗಿನ ನೀರು ಆವಿಯಾಗಿ ಹೊರಟು ಹೋಗುತ್ತದೆ. ಬೇರು 100 ಲೋಟ ನೀರು ಎಳೆದು ಕಳಿಸಿದರೆ 95ಕ್ಕೂ ಹೆಚ್ಚು ಲೋಟ ಹೀಗೇ ಗಾಳಿಗೆ ಸೇರುತ್ತದೆ. ಅದಕ್ಕೇ ಬೇಸಿಗೆಯ ಮಧ್ಯಾಹ್ನ, ನೀರು ಸಾಲದೆ ಬಂದರೆ, ಎಷ್ಟೋ ಗಿಡಗಳು ಕಿಟಕಿ ಮುಚ್ಚಿಕೊಳ್ಳುತ್ತವೆ. ಬಿಸಿಲು ಧಾರಾಳವಾಗಿದ್ದರೂ ಆಗ ಅಡುಗೆ ಕುಂಟುತ್ತದೆ.

ದೃಶ್ಯ 3: ಒಲೆ

(ಒಳಗೆ ಉದ್ದುದ್ದ ಕೋಶಗಳು ಸಾಲಾಗಿ ನಿಂತಿವೆ. ಒಂದೊಂದರಲ್ಲೂ ಹತ್ತಾರು ಹಸಿರು ಉಂಡೆಗಳು ತೇಲುತ್ತಿವೆ.)

ನಿರೂಪಕಿ: ಈ ಹಸಿರು ಉಂಡೆಯೇ ಅಡುಗೆಮನೆ. ಹೆಸರು ಕ್ಲೋರೋಪ್ಲಾಸ್ಟ್. ಸುಮಾರು 200 ಅಡುಗೆಮನೆಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ, ಅಷ್ಟೇ.

(ಇಬ್ಬರೂ ಒಳಗೆ ಕಾಲಿಡುತ್ತಾರೆ. ಎಲ್ಲೆಲ್ಲೂ ಒಂದರ ಮೇಲೊಂದು ಪೇರಿಸಿದ ಚಪ್ಪಟೆ ಹಸಿರು ತಟ್ಟೆಗಳು.)

ಅಜ್ಜಿ: ಹೇ, ತಟ್ಟೆ ಇಡ್ಲಿ ಸ್ಟ್ಯಾಂಡು!

ನಿರೂಪಕಿ: ಥೈಲಕಾಯ್ಡ್ ಅಂತ ಅವುಗಳ ಹೆಸರು. ನೀವು ಹೇಳಿದ್ದು ನೆನಪಿಡೋಕೆ ಸುಲಭ, ಇಡ್ಲಿ ಸ್ಟ್ಯಾಂಡ್ ಅಂತಲೇ ಕರೆಯೋಣ. ಈ ತಟ್ಟೆಗಳಲ್ಲಿ ಕೂತಿರೋದು ಪತ್ರಹರಿತ್ತು. ಇದು ಬಿಸಿಲಿನ ಕೆಂಪು ಮತ್ತು ನೀಲಿ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ. ಹಸಿರನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹಿಡಿಯದೆ ಬಿಟ್ಟ ಆ ಹಸಿರೇ ನಮ್ಮ ಕಣ್ಣಿಗೆ ಬರುತ್ತದೆ.

(ಮೇಲಿಂದ ಬೆಳಕು ಬೀಳುತ್ತದೆ. ತಟ್ಟೆಗಳು ಹೊಳೆಯುತ್ತವೆ. ನೀರಿನ ಕೊಳವೆಯಿಂದ, ಅಂದರೆ ಕ್ಸೈಲಂನಿಂದ, ನೀರಿನ ಹನಿಗಳು ಬರುತ್ತವೆ. ತಟ್ಟೆಗೆ ತಾಗಿದ ನೀರಿನ ಕಣ ಒಡೆಯುತ್ತದೆ.)

ನಿರೂಪಕಿ: ಇಲ್ಲಿ ನೋಡಿ. ಬೆಳಕಿನ ಬಲದಿಂದ ನೀರು ಒಡೆಯಿತು. ಅದರೊಳಗಿದ್ದ ಹೈಡ್ರೋಜನ್ ಒಂದು ಕಡೆ, ಆಕ್ಸಿಜನ್ ಇನ್ನೊಂದು ಕಡೆ. ಎರಡೆರಡು ಆಕ್ಸಿಜನ್ ಜೊತೆಯಾಗಿ ಕಿಟಕಿಯಿಂದ ಹೊರಗೆ ಹೋಗುತ್ತವೆ.

(ಚಿತ್ರ ಬಿಡಿಸುವವರಿಗೆ: ಬಾಣದ ಗುರುತು ಇಲ್ಲಿ ತಪ್ಪಬಾರದು. ಹೊರಗೆ ಹೋಗುವ ಆಕ್ಸಿಜನ್ ನೀರಿನಿಂದ ಹೊರಡಬೇಕು, ಬೂದು ಚುಕ್ಕಿಯಿಂದಲ್ಲ. ಬಹಳ ಜನ ಇದನ್ನು ತಿರುಗುಮುರುಗಾಗಿ ಕಲಿತಿರುತ್ತಾರೆ. 1941ರಲ್ಲಿ ರೂಬೆನ್ ಮತ್ತು ಕೇಮನ್ ಜೊತೆಗಾರರೊಂದಿಗೆ ಗುರುತು ಹಾಕಿದ ಆಕ್ಸಿಜನ್ ಬಳಸಿ ಇದನ್ನು ತೋರಿಸಿದರು. ದಯವಿಟ್ಟು ಎರಡು ಸಲ ನೋಡಿ.)

ಚಿನ್ನು: ಅಂದ್ರೆ ನಾವು ಉಸಿರಾಡೋ ಆಕ್ಸಿಜನ್ನು ಗಿಡಕ್ಕೆ ಬೇಡವಾಗಿ ಬಿಟ್ಟಿದ್ದಾ?

ನಿರೂಪಕಿ: ಹೌದು. ಗಿಡಕ್ಕೂ ಉಸಿರಾಡಲು ಸ್ವಲ್ಪ ಬೇಕು, ಹಗಲೂ ರಾತ್ರಿಯೂ. ಮಿಕ್ಕಿದ್ದು ಹೊರಗೆ. ಅಡುಗೆಮನೆಗೆ ಬೇಕಾದದ್ದು ಬೇರೆ ಎರಡು. ಒಂದು, ಬೆಳಕಿನ ಶಕ್ತಿಯನ್ನು ತುಂಬಿಟ್ಟ ಪುಟ್ಟ ಬ್ಯಾಟರಿ, ಎಟಿಪಿ. ಇನ್ನೊಂದು, ಹೈಡ್ರೋಜನ್ ಹೊತ್ತ ಡಬ್ಬಿ, ಎನ್‌ಎಡಿಪಿಎಚ್.

ಅಜ್ಜಿ: ಸರಿ ಬಿಡು, ಒಲೆ ಹತ್ತಿತು, ಸೌದೆ ಸೀಳಿ ಇಟ್ಟಾಯ್ತು. ಇನ್ನೂ ಅಡುಗೆ ಎಲ್ಲಿ?

ದೃಶ್ಯ 4: ಅಡುಗೆ

(ಇಡ್ಲಿ ಸ್ಟ್ಯಾಂಡುಗಳ ಸುತ್ತಲಿನ ಜಾಗ. ಅಲ್ಲಿ ದೊಡ್ಡ ಮೈಯ ಕೆಲಸಗಾರರು ತುಂಬಿಕೊಂಡಿದ್ದಾರೆ. ಮಾತಿಲ್ಲ. ಒಂದೊಂದೇ ಬೂದು ಚುಕ್ಕಿಯನ್ನು ಹಿಡಿದು, ಒಂದು ಐದು ಮಣಿಯ ಸರಕ್ಕೆ ಸೇರಿಸುತ್ತಿದ್ದಾರೆ.)

ನಿರೂಪಕಿ: ಇದು ರುಬಿಸ್ಕೋ ಎಂಬ ಕಿಣ್ವ. ಗಾಳಿಯ ಇಂಗಾಲವನ್ನು ಹಿಡಿದು ಅಡುಗೆಗೆ ಹಾಕುವ ಮುಖ್ಯ ಬಾಣಸಿಗ. ಒಂದು ಸೆಕೆಂಡಿಗೆ ಸುಮಾರು 3 ಕಣ ಮಾತ್ರ ಸೇರಿಸುತ್ತದೆ. ಎಷ್ಟೋ ಕಿಣ್ವಗಳು ಅಷ್ಟರಲ್ಲಿ ಸಾವಿರಾರು ಕೆಲಸ ಮುಗಿಸಿರುತ್ತವೆ. ಅದಕ್ಕೇ ಎಲೆ ಇವರನ್ನು ರಾಶಿರಾಶಿಯಾಗಿ ಇಟ್ಟುಕೊಂಡಿದೆ.

(ಚಿತ್ರ ಬಿಡಿಸುವವರಿಗೆ: ಇವರನ್ನು ಸೋಮಾರಿಗಳ ತರಹ ತೋರಿಸಬೇಡಿ. ನಾವು ತಿನ್ನುವ ಅನ್ನ, ಮುದ್ದೆ, ಹಾಲು ಎಲ್ಲದರ ಇಂಗಾಲ ಇವರ ಕೈದಾಟಿ ಬಂದದ್ದು. ಮುಖದಲ್ಲಿ ಗಮನ ಇರಲಿ.)

ನಿರೂಪಕಿ: 3 ಬೂದು ಚುಕ್ಕಿ, 3 ಸರ. ಒಂದೊಂದು ಸರದಲ್ಲಿ 5 ಇಂಗಾಲ. ಸೇರಿಸಿದ ಕೂಡಲೇ ಸರ ಎರಡು ತುಂಡಾಗುತ್ತದೆ. ಒಟ್ಟು 6 ತುಂಡು, ಒಂದೊಂದರಲ್ಲಿ 3 ಇಂಗಾಲ. ಈಗ ಬ್ಯಾಟರಿಯ ಶಕ್ತಿ, ಡಬ್ಬಿಯ ಹೈಡ್ರೋಜನ್ ಹಾಕಿ ಅವನ್ನು ಪಾಕ ಮಾಡುತ್ತಾರೆ. ಆ 6ರಲ್ಲಿ ಹೊರಗೆ ಬಡಿಸೋದು ಒಂದನ್ನೇ. 5ನ್ನು ಮತ್ತೆ ಅಡುಗೆಗೇ ಇಟ್ಟುಕೊಳ್ಳುತ್ತಾರೆ.

ಚಿನ್ನು: ಯಾಕೆ? ಎಲ್ಲಾ ಬಡಿಸಬಾರದಾ?

ಅಜ್ಜಿ: ಹೆಪ್ಪು ಕಣೇ! ಇರೋ ಮೊಸರೆಲ್ಲ ಬಡಿಸಿಬಿಟ್ರೆ ನಾಳೆ ಹಾಲಿಗೆ ಏನು ಹಾಕ್ತೀಯ?

ನಿರೂಪಕಿ: ಅದೇ ಅಜ್ಜಿ. ಆ 5 ತುಂಡುಗಳಿಂದ ಮತ್ತೆ 3 ಸರ ಆಗುತ್ತವೆ. ಸರ ಇದ್ದರೆ ತಾನೇ ಹೊಸ ಬೂದು ಚುಕ್ಕಿಯನ್ನು ಹಿಡಿಯೋದು. ಇಂಥ ಒಂದು ಸುತ್ತಿಗೆ 9 ಬ್ಯಾಟರಿ, 6 ಡಬ್ಬಿ ಖರ್ಚು. ಈ ಸುತ್ತಿಗೆ ಕ್ಯಾಲ್ವಿನ್ ಚಕ್ರ ಅಂತ ಹೆಸರು. ಇದರ ಗುಟ್ಟು ಬಿಡಿಸಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು. ಜೊತೆಗೆ ದುಡಿದ ಬೆನ್ಸನ್, ಬಾಶಮ್ ಅವರ ಹೆಸರನ್ನೂ ನೆನೆಯಬೇಕು.

(ಒಬ್ಬ ಕೆಲಸಗಾರ ಬೂದು ಚುಕ್ಕಿಯ ಬದಲು ಆಕ್ಸಿಜನ್ ಹಿಡಿದುಬಿಡುತ್ತಾನೆ. ಸರ ಕೆಡುತ್ತದೆ.)

ಅಜ್ಜಿ: ಅಯ್ಯೋ, ಸಕ್ಕರೆ ಅಂತ ಉಪ್ಪು ಹಾಕಿಬಿಟ್ಟ!

ನಿರೂಪಕಿ: ಸೆಕೆ ಜಾಸ್ತಿಯಾದಷ್ಟೂ ಈ ತಪ್ಪು ಜಾಸ್ತಿ. ಇದಕ್ಕೆ ಉಪಾಯ ಕಂಡುಕೊಂಡ ಗಿಡಗಳೂ ಇವೆ. ನಿಮ್ಮ ಹೊಲದ ರಾಗಿ, ಜೋಳ, ಕಬ್ಬು. ಅವುಗಳ ಎಲೆಯಲ್ಲಿ ಹೊರಗೊಂದು ಕೋಣೆ, ಒಳಗೊಂದು ಕೋಣೆ. ಹೊರಗಿನವರು ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಒಳಕ್ಕೆ ದಾಟಿಸುತ್ತಾರೆ. ಒಳಗೆ ಅದೇ ತುಂಬಿಕೊಂಡಿರೋದರಿಂದ ರುಬಿಸ್ಕೋ ತಪ್ಪೋದು ಬಹಳ ಕಡಿಮೆ. ಬಿಸಿಲು ನಾಡಿನಲ್ಲಿ ರಾಗಿ ಗಟ್ಟಿಯಾಗಿ ನಿಲ್ಲೋದಕ್ಕೆ ಇದೂ ಒಂದು ಕಾರಣ.

(ತೆರೆಯ ಮೇಲೆ ಒಟ್ಟು ಲೆಕ್ಕ ಮೂಡುತ್ತದೆ:)

6CO₂ + 6H₂O → C₆H₁₂O₆ + 6O₂

ನಿರೂಪಕಿ: ಗಾಳಿ, ನೀರು, ಬಿಸಿಲು. ಬಂದದ್ದು ಸಕ್ಕರೆ ಮತ್ತು ಆಕ್ಸಿಜನ್. ಇದೇ ದ್ಯುತಿಸಂಶ್ಲೇಷಣೆ.

ದೃಶ್ಯ 5: ಬಡಿಸುವುದು

(ಎಲೆಯ ನರಗಳ ಪಕ್ಕ ಇನ್ನೊಂದು ಕೊಳವೆ, ಫ್ಲೋಯಂ. ಅದರಲ್ಲಿ ಸಿಹಿ ನೀರು ಮೊಗ್ಗಿಗೆ, ಬೇರಿಗೆ, ಹೊಸ ಚಿಗುರಿಗೆ ಹರಿಯುತ್ತದೆ. ಮಿಕ್ಕ ಸಕ್ಕರೆ ಪಿಷ್ಟವಾಗಿ ಅಡುಗೆಮನೆಯಲ್ಲೇ ಉಳಿಯುತ್ತದೆ. ಹೊತ್ತು ಮುಳುಗುತ್ತದೆ. ಕಿಟಕಿಗಳು ಮುಚ್ಚುತ್ತವೆ. ಕತ್ತಲಲ್ಲಿ ಪಿಷ್ಟ ಮೆಲ್ಲಗೆ ಕರಗಿ ಮತ್ತೆ ಸಕ್ಕರೆಯಾಗಿ ಮೊಗ್ಗಿನ ಕಡೆಗೆ ಹೋಗುತ್ತದೆ. ಮಾತು ಬೇಡ, 15 ಸೆಕೆಂಡು ಸಾಕು.)

ದೃಶ್ಯ 6: ಮತ್ತೆ ಹಿತ್ತಲು

(ಮರುದಿನ ಬೆಳಗ್ಗೆ. ಒಂದು ಮೊಗ್ಗು ಅರಳಿದೆ. ಅಜ್ಜಿ ಜಗುಲಿಯಲ್ಲಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಾರೆ.)

ಅಜ್ಜಿ: ಹಾಗಾದ್ರೆ ನಾನು ಹಾಕಿದ ಗೊಬ್ಬರ ದಂಡನಾ?

ಚಿನ್ನು: ಇಲ್ಲ ಅಜ್ಜಿ. ಊಟ ಎಲೆಯಲ್ಲೇ ಆಗೋದು. ಆದ್ರೆ ಅಡುಗೆಮನೆ ಕಟ್ಟೋಕೆ ಗೊಬ್ಬರ ಬೇಕು. ಪತ್ರಹರಿತ್ತಿಗೂ ರುಬಿಸ್ಕೋಗೂ ಸಾರಜನಕ ಬೇಕಂತೆ. ಪತ್ರಹರಿತ್ತಿನ ನಡುವೆ ಒಂದು ಮೆಗ್ನೀಷಿಯಂ ಕೂಡ ಇರತ್ತೆ. ಅವೆಲ್ಲ ಮಣ್ಣಿಂದಲೇ ಬರಬೇಕು. ಸಾಲದೇ ಇದ್ರೆ ಎಲೆ ಹಳದಿ ಆಗಿಬಿಡತ್ತೆ.

ಅಜ್ಜಿ: ಹೂಂ. ಪಾತ್ರೆಪಡಗ ನನ್ನದು, ಅಡುಗೆ ಅದರದ್ದು. (ಹೆಚ್ಚುತ್ತಿದ್ದ ಕೈ ನಿಲ್ಲಿಸಿ, ಈಳಿಗೆಮಣೆಯನ್ನು ನೋಡುತ್ತಾರೆ.) ಚಿನ್ನು, ಇದು ಹಲಸಿನ ಮರದ್ದು. ನಮ್ಮತ್ತೆ ಕೊಟ್ಟಿದ್ದು. ಇದೂ ಗಾಳಿಯಿಂದಲೇ ಆಗಿದ್ದಾ?

ಚಿನ್ನು: ಒಣ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ ಅಜ್ಜಿ, ಅದೆಲ್ಲ ಗಾಳಿಯದ್ದೇ. ನಿಮ್ಮತ್ತೆ ಕಾಲದ ಗಾಳಿ ಇದರಲ್ಲಿದೆ.

(ಅಜ್ಜಿ ಮಣೆಯ ಮೇಲೆ ಅಂಗೈ ಇಡುತ್ತಾರೆ. ಮರದ ಗೆರೆಗಳು ಹತ್ತಿರದಿಂದ ಕಾಣುತ್ತವೆ. ಆಮೇಲೆ ಎದ್ದು, ಒಂದು ಒದ್ದೆ ಬಟ್ಟೆ ತಂದು, ದಾಸವಾಳದ ಎಲೆಗಳ ಮೇಲಿನ ರಸ್ತೆಯ ಧೂಳನ್ನು ಒರೆಸಲು ತೊಡಗುತ್ತಾರೆ.)

ಅಜ್ಜಿ: ಕೆಳಗಿನ ಎಲೆ ನೀನು ಒರೆಸು. ಅಡಿಭಾಗಾನೂ ಒರೆಸು ಮತ್ತೆ, ಕಿಟಕಿ ಇರೋದು ಅಲ್ಲೇ.