ಅಭ್ಯಾಸ ಹಾಳೆ 7: ‘ಅರಸು ರಾಕ್ಷಸ’ ಷಟ್ಪದಿಯ ವಿವರಣೆ

ತರಗತಿ: ಹತ್ತು
ವಿಷಯ: ಪ್ರಥಮ ಭಾಷೆ ಕನ್ನಡ, ಪಠ್ಯದ ಹೊರಗಿನ ಪದ್ಯ
ಊರು: ಗದಗ

ಈ ಹಾಳೆಯ ಪದ್ಯ ನಮ್ಮ ಊರಿನದೇ. ಹದಿನೈದನೆಯ ಶತಮಾನದ ಕುಮಾರವ್ಯಾಸ ಹುಟ್ಟಿದ್ದು ಕೋಳಿವಾಡದಲ್ಲಿ, ಭಾರತ ಬರೆದದ್ದು ಗದಗಿನ ವೀರನಾರಾಯಣ ಗುಡಿಯಲ್ಲಿ. ಗುಡಿಯಲ್ಲಿ ಅವನು ಒರಗಿ ಕೂರುತ್ತಿದ್ದ ಅನ್ನುವ ಕಂಬವನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ನೋಡದವರು ಈ ವಾರ ಹೋಗಿ ಬನ್ನಿ. ಕೆಳಗಿನ ಪದ್ಯ ಸಭಾಪರ್ವದ್ದು. ಮೊದಲು ಮೂರು ಸಲ ಜೋರಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಅರ್ಧ ಪದ್ಯ ಕೈಬಿಟ್ಟ ಹಾಗೆ.

ಅರಸು ರಾಕ್ಷಸ ಮಂತ್ರಿಯೆಂಬುವ
ಮೊರೆವ ಹುಲಿ ಪರಿವಾರ ಹದ್ದಿನ
ನೆರವಿ ಬಡವರ ಬಿನ್ನಪವನಿನ್ನಾರು ಕೇಳುವರು
ಉರಿಯುರಿವುತಿದೆ ದೇಶ ನಾವಿ
ನ್ನಿರಲು ಬಾರದೆನುತ್ತ ಜನ ಬೇ
ಸರಿನ ಬೇಗೆಯಲಿರದಲೇ ಭೂಪಾಲ ಕೇಳೆಂದ

ಮೊದಲು ಪದಗಳು

ಹೋದ ವರ್ಷ ಇದೇ ಪದ್ಯ ಕೊಟ್ಟಾಗ ಎರಡು ಪದಗಳ ಹತ್ತಿರ ಅರ್ಧ ತರಗತಿ ಎಡವಿತ್ತು. ‘ನೆರವಿ’ ಅಂದರೆ ನೆರವು ಅಲ್ಲ, ಸಹಾಯ ಅಲ್ಲ. ನೆರೆದ ಗುಂಪು. ಹದ್ದುಗಳು ಬಡವರಿಗೆ ಸಹಾಯ ಮಾಡಿದವು ಅಂತ ಒಬ್ಬರು ಬರೆದಿದ್ದರು, ಓದಿ ನಕ್ಕೆ. ಆದರೆ ತಪ್ಪು ಸುಮ್ನೆ ಆಗಿದ್ದಲ್ಲ, ಎರಡೂ ಪದ ನೋಡಲು ಅಷ್ಟು ಹತ್ತಿರ ಇವೆ. ‘ಪರಿವಾರ’ ಅಂದರೆ ಇಲ್ಲಿ ಕುಟುಂಬ ಅಲ್ಲ. ಅರಸನ ಸುತ್ತ ಇರುವ ಅಧಿಕಾರಿಗಳು, ಆಳುಗಳು, ಓಲಗದವರು.

ಬಿನ್ನಪ ಅಂದರೆ ವಿನಂತಿ, ಅಹವಾಲು. ವಿಜ್ಞಾಪನ ಅನ್ನುವುದರ ತದ್ಭವ. ಮೊರೆವ ಅಂದರೆ ಗರ್ಜಿಸುವ. ಬೇಗೆ ಅಂದರೆ ಸುಡುವ ಕಾವು. ಇರಲು ಬಾರದು ಅಂದರೆ ಇರಲು ಆಗದು. ‘ಇರದಲೇ’ ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದರ ಹತ್ತಿರ ಆಮೇಲೆ ಬರೋಣ, ಇಡೀ ಪದ್ಯದ ಕೀಲಿ ಅಲ್ಲೇ ಇದೆ.

ಯಾರು, ಯಾರಿಗೆ, ಯಾವಾಗ

ಹೇಳುವವನು ನಾರದ, ಕೇಳುವವನು ಧರ್ಮರಾಯ. ಇಂದ್ರಪ್ರಸ್ಥದಲ್ಲಿ ಮಯ ಕಟ್ಟಿದ ಹೊಸ ಸಭೆಯಲ್ಲಿ ಪಾಂಡವರು ಕೂತಿದ್ದಾರೆ. ಎಲ್ಲ ಚೆನ್ನಾಗಿದೆ. ಆಗ ನಾರದ ಬಂದು ಕುಶಲ ವಿಚಾರಿಸುವ ನೆಪದಲ್ಲಿ ರಾಜ್ಯಾಡಳಿತದ ಬಗ್ಗೆ ಒಂದಾದ ಮೇಲೆ ಒಂದು ಪ್ರಶ್ನೆ ಹಾಕುತ್ತಾನೆ. ಸಂದರ್ಭಕ್ಕೆ ಇಷ್ಟು ಬರೆದರೆ ಸಾಕು. ಅರಗಿನ ಮನೆಯಿಂದ ಶುರು ಮಾಡಬೇಡಿ.

ಪದ್ಯದ ಭಾವ

ಮೇಲ್ನೋಟದ ಅರ್ಥ ಇದು: ಅರಸನೇ ರಾಕ್ಷಸ, ಮಂತ್ರಿ ಗರ್ಜಿಸುವ ಹುಲಿ, ಪರಿವಾರವೆಲ್ಲ ಹದ್ದಿನ ಹಿಂಡು. ಹೀಗಿರುವಾಗ ಬಡವರ ಅಹವಾಲು ಕೇಳುವವರು ಯಾರು? ದೇಶ ಹೊತ್ತಿ ಉರಿಯುತ್ತಿದೆ, ಇನ್ನು ನಾವು ಇಲ್ಲಿ ಇರಲಾರೆವು ಅಂತ ಜನ ಬೇಸರದಲ್ಲಿ ಬೇಯುತ್ತಿದ್ದಾರೆ.

ಈಗ ‘ಇರದಲೇ’. ಇದನ್ನು ನಮ್ಮ ಮಾತಿನಲ್ಲಿ ‘ಇಲ್ಲ ಅಲ್ವಾ?’ ಅಂತ ಓದಿ. ‘ನಿನ್ನ ರಾಜ್ಯದಲ್ಲಿ ಜನ ಇಂಥ ಬೇಗೆಯಲ್ಲಿ ಇಲ್ಲ ತಾನೆ, ದೊರೆಯೇ?’ ಒಂದೇ ಪದದಿಂದ ಐದೂವರೆ ಸಾಲು ತಿರುಗಿ ನಿಲ್ಲುತ್ತದೆ. ಅಲ್ಲಿಯವರೆಗೆ ನಾವು ದೂರು ಓದುತ್ತಿದ್ದೇವೆ ಅಂದುಕೊಂಡಿದ್ದೆವು. ಓದಿದ್ದು ಪ್ರಶ್ನೆ. ಧರ್ಮರಾಯ ರಾಕ್ಷಸ ಅಂತ ನಾರದ ಬೈಯುತ್ತಿಲ್ಲ. ಅರಸು ಕೆಟ್ಟರೆ ನಾಡು ಹೇಗೆ ಕಾಣುತ್ತದೆ ಅಂತ ಒಳ್ಳೆಯ ಅರಸನ ಕಣ್ಣೆದುರು ಹಿಡಿಯುತ್ತಿದ್ದಾನೆ. ಸಂಸ್ಕೃತ ಭಾರತದಲ್ಲೂ ಈ ಭಾಗದಲ್ಲಿ ನಾರದ ‘ಕಚ್ಚಿತ್’, ಅಂದರೆ ‘ತಾನೆ?’ ಅನ್ನುತ್ತಲೇ ಕೇಳುತ್ತಾ ಹೋಗುತ್ತಾನೆ.

ಈ ಪದ್ಯದ ಮೊದಲ ಮೂರು ಸಾಲು ಮಾತ್ರ ನನ್ನ ವಾಟ್ಸಾಪ್‌ಗೆ ಎಷ್ಟೋ ಸಲ ಬಂದಿದೆ, ಚುನಾವಣೆ ಹತ್ತಿರ ಬಂದರೆ ಜಾಸ್ತಿ. ಅಷ್ಟೇ ಓದಿದರೆ ಅದು ಸಿಟ್ಟಿನ ಪದ್ಯ. ಆರೂ ಸಾಲು ಓದಿದರೆ ಎಚ್ಚರಿಕೆಯ ಪದ್ಯ. ಉತ್ತರದಲ್ಲಿ ಭಾವ ಬರೆಯುವಾಗ ‘ಕವಿ ಅರಸರನ್ನು ಖಂಡಿಸಿದ್ದಾನೆ’ ಅಂತಷ್ಟೇ ಬರೆದು ನಿಲ್ಲಿಸಿದವರಿಗೆ ಅರ್ಧ ಅಂಕ.

ಚಿತ್ರಗಳು

ಕಣ್ಣು ಮುಚ್ಚಿ ಮೊದಲ ಮೂರು ಸಾಲು ಕೇಳಿಸಿಕೊಳ್ಳಿ. ರಾಕ್ಷಸ ಒಬ್ಬ. ಹುಲಿ ಒಂದು. ಹದ್ದು ಮಾತ್ರ ಹಿಂಡು. ಮೇಲಿನಿಂದ ಕೆಳಗೆ ಬಂದಂತೆ ಪ್ರಾಣಿ ಚಿಕ್ಕದಾಗುತ್ತದೆ, ಲೆಕ್ಕ ಹೆಚ್ಚಾಗುತ್ತದೆ. ಈಗ ಬಡವನ ಕಡೆಯಿಂದ ನೋಡಿ. ಅವನು ಕೆಳಗಿನಿಂದ ಮೇಲೆ ಹೋಗಬೇಕು. ಮೊದಲು ಸಿಗುವುದು ಹದ್ದಿನ ಗುಂಪು. ಅದನ್ನು ದಾಟಿದರೆ ಹುಲಿ. ಅದನ್ನೂ ದಾಟಿದರೆ ಕೊನೆಗೆ ಸಿಗುವವನು ರಾಕ್ಷಸ. ಬಿನ್ನಪ ಹೋಗುವ ದಾರಿಯಲ್ಲಿ ಒಂದು ಕಡೆಯೂ ಮನುಷ್ಯ ಇಲ್ಲ. ‘ಇನ್ನಾರು ಕೇಳುವರು’ ಅನ್ನುವ ಮಾತಿಗೆ ಇಷ್ಟು ಭಾರ ಬಂದದ್ದು ಅದಕ್ಕೆ.

ಹಿಂದೊಮ್ಮೆ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, ‘ಸರ್, ನಮ್ಮಜ್ಜಿ ಪಿಂಚಣಿ ಅರ್ಜಿ ಹಿಡ್ಕೊಂಡು ನಾಕ್ ಸಲ ಹೋಗ್ಯಾಳ್ರೀ, ಸಾಹೇಬ್ರ ಖೋಲಿ ಬಾಗಿಲಾ ಸೈತ ನೋಡಿಲ್ಲ’ ಅಂದ. ಹದ್ದಿನ ನೆರವಿಗೆ ಅದಕ್ಕಿಂತ ಒಳ್ಳೆಯ ಟಿಪ್ಪಣಿ ನಾನು ಬರೆಯಲಾರೆ.

ಹದ್ದೇ ಯಾಕೆ? ಹದ್ದು ಬೇಟೆಯ ಮುಂದೆ ನಿಂತು ಗರ್ಜಿಸುವುದಿಲ್ಲ. ಮಾಂಸದ ಅಂಗಡಿಗಳ ಮೇಲೆ ಮಧ್ಯಾಹ್ನ ಅವು ಸುತ್ತುವುದನ್ನು ನೋಡಿದ್ದೀರಲ್ಲ, ರೆಕ್ಕೆ ಬಡಿಯದೆ, ಆತುರ ಇಲ್ಲದೆ. ಚೂರು ಬಿದ್ದ ಕ್ಷಣ ಕೆಳಗಿಳಿಯುತ್ತವೆ. ಹುಲಿ ಕೊಂದು ತಿನ್ನುತ್ತದೆ, ಹದ್ದು ಬೇರೆಯವರು ಕೊಂದದ್ದರಲ್ಲಿ ಪಾಲು ತೆಗೆಯುತ್ತದೆ. ಮಂತ್ರಿಗೂ ಪರಿವಾರಕ್ಕೂ ಇರುವ ವ್ಯತ್ಯಾಸವನ್ನು ಕವಿ ಎರಡು ಪ್ರಾಣಿಗಳಲ್ಲಿ ಮುಗಿಸಿದ್ದಾನೆ.

‘ಮೊರೆವ’ ಪದ ನೋಡಿ. ಕಷ್ಟದಲ್ಲಿರುವವನು ದೊರೆಯ ಮುಂದೆ ‘ಮೊರೆ’ ಇಡುತ್ತಾನೆ. ಇಲ್ಲಿ ಹುಲಿಯೇ ಮೊರೆಯುತ್ತಿದೆ. ಬಡವನಿಗೆ ಉಳಿದದ್ದು ಮೆಲ್ಲಗಿನ ಬಿನ್ನಪ. ಆ ಗರ್ಜನೆಯ ನಡುವೆ ಅದು ಯಾರ ಕಿವಿಗೆ ಬಿದ್ದೀತು? ಕವಿ ಬೇಕಂತಲೇ ಹೀಗೆ ಮಾಡಿದನೋ ಇಲ್ಲವೋ, ಓದುವ ನನಗೆ ಕೇಳಿಸುತ್ತದೆ.

ನಾಲ್ಕನೆಯ ಸಾಲಿನಿಂದ ಚಿತ್ರ ಬದಲಾಗುತ್ತದೆ. ಇಲ್ಲಿಯವರೆಗೆ ಕಣ್ಣು, ಕಿವಿ. ಇನ್ನು ಮುಂದೆ ಚರ್ಮ: ಉರಿ, ಬೇಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರೆಹೊಲದ ಬಿರುಕಿನ ಮೇಲೆ ಬರಿಗಾಲಲ್ಲಿ ನಡೆದವರಿಗೆ ‘ಬೇಗೆ’ ಬಿಡಿಸಿ ಹೇಳಬೇಕಿಲ್ಲ. ‘ನಾವಿನ್ನಿರಲು ಬಾರದು’ ಅನ್ನುವುದು ಊರು ಬಿಡುವ ಮಾತು. ಗುಳೆ ಹೋಗುವ ಮನೆಯವರು ಬಾಗಿಲಿಗೆ ಬೀಗ ಹಾಕುವ ಮುಂಚೆ ಆಡುವ ಮಾತು.

ಅಲಂಕಾರ

ಹೆಸರು: ರೂಪಕಾಲಂಕಾರ.

ಲಕ್ಷಣ: ಉಪಮೇಯ, ಉಪಮಾನ ಎರಡೂ ಬೇರೆಯಲ್ಲ, ಒಂದೇ ಎಂದು ಅಭೇದವಾಗಿ ಹೇಳಿದರೆ ಅದು ರೂಪಕ.

ಸಮನ್ವಯ: ಈ ಪದ್ಯದಲ್ಲಿ ಅರಸು, ಮಂತ್ರಿ, ಪರಿವಾರ ಉಪಮೇಯಗಳು. ರಾಕ್ಷಸ, ಹುಲಿ, ಹದ್ದಿನ ಗುಂಪು ಉಪಮಾನಗಳು. ಅರಸನೇ ರಾಕ್ಷಸ, ಮಂತ್ರಿಯೇ ಹುಲಿ, ಪರಿವಾರವೇ ಹದ್ದಿನ ನೆರವಿ ಎಂದು ಅಭೇದ ಹೇಳಿರುವುದರಿಂದ ಇದು ರೂಪಕ. ‘ಬೇಸರಿನ ಬೇಗೆ’ಯಲ್ಲೂ ಬೇಸರ ಉಪಮೇಯ, ಬೇಗೆ ಉಪಮಾನ.

ಪರೀಕ್ಷೆಗೆ ಇಷ್ಟು. ಆದರೆ ಇದು ಉಪಮೆ ಯಾಕಲ್ಲ ಅನ್ನುವುದು ಗೊತ್ತಿರಲಿ. ‘ಅರಸು ರಾಕ್ಷಸನಂತೆ’ ಅಂದಿದ್ದರೆ ಉಪಮೆ ಆಗುತ್ತಿತ್ತು. ‘ಅಂತೆ’ ಇದ್ದರೆ ಅವನು ಇನ್ನೂ ಅರಸ, ಸ್ವಲ್ಪ ರಾಕ್ಷಸನ ಹಾಗೆ ಆಡುತ್ತಾನೆ ಅಷ್ಟೆ, ನಾಳೆ ತಿದ್ದಿಕೊಂಡಾನು. ಅದನ್ನು ತೆಗೆದರೆ ಅರಸ ಉಳಿಯಲೇ ಇಲ್ಲ. ಮೂರು ಅಭೇದಗಳನ್ನು ಕವಿ ಮೂರು ತರಹ ಹೇಳಿದ್ದನ್ನೂ ಗಮನಿಸಿ. ‘ಅರಸು ರಾಕ್ಷಸ’ ಅಂತ ನೇರ ಪಕ್ಕಪಕ್ಕ, ‘ಮಂತ್ರಿಯೆಂಬುವ ಹುಲಿ’ ಅಂತ ‘ಎಂಬುವ’ ಸೇರಿಸಿ, ‘ಪರಿವಾರ ಹದ್ದಿನ ನೆರವಿ’ ಅಂತ ಗುಂಪಿಗೆ ಗುಂಪು. ಈ ಕವಿಯನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಅನ್ನುವುದು ಸುಮ್ನೆ ಅಲ್ಲ.

‘ಉರಿಯುರಿವುತಿದೆ ದೇಶ’ ಅತಿಶಯೋಕ್ತಿ ಅಲ್ವಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತೀರಿ. ಕಾರಣ ಕೊಟ್ಟು ಬರೆದರೆ ಒಪ್ಪುತ್ತೇನೆ. ನನ್ನ ಮಟ್ಟಿಗೆ ಅದು ಹಿಗ್ಗಿಸಿದ ಮಾತಲ್ಲ, ಸಂಕಟದಲ್ಲಿರುವವರು ದಿನವೂ ಆಡುವ ಮಾತು. ‘ಹೊಟ್ಟಿ ಉರೀತೈತಿ’ ಅನ್ನುವವರನ್ನು ಅತಿಶಯೋಕ್ತಿ ಅಂತ ತಿದ್ದುತ್ತೀರಾ?

ಶಬ್ದಾಲಂಕಾರವೂ ಇದೆ. ಅರಸು, ರಾಕ್ಷಸ, ಮೊರೆವ, ಪರಿವಾರ, ನೆರವಿ, ಉರಿಯುರಿ: ರಕಾರ ಮತ್ತೆ ಮತ್ತೆ ಬರುವುದರಿಂದ ವೃತ್ತ್ಯನುಪ್ರಾಸ. ಪದ್ಯವೇ ಗುರುಗುಟ್ಟಿದ ಹಾಗಿದೆ.

ಛಂದಸ್ಸು

ಭಾಮಿನಿ ಷಟ್ಪದಿ. 1, 2, 4, 5ನೆಯ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ 3+4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಎರಡನೆಯ ಸಾಲು ಹೀಗೆ ಒಡೆಯುತ್ತದೆ:

ಮೊರೆವ | ಹುಲಿಪರಿ | ವಾರ | ಹದ್ದಿನ

ಆರೂ ಸಾಲಿನ ಎರಡನೆಯ ಅಕ್ಷರ ರಕಾರ, ಅದರ ಹಿಂದಿನದು ಹ್ರಸ್ವ. ಹಾಗಾಗಿ ಸಿಂಹಪ್ರಾಸ. ಹುಲಿಯ ಪದ್ಯಕ್ಕೆ ಸಿಂಹಪ್ರಾಸ, ನೆನಪಿಡಲು ಸುಲಭ.

ಐದನೆಯ ಸಾಲು ‘ಬೇ’ ಅಂತ ನಿಂತು, ‘ಸರಿನ’ ಮುಂದಿನ ಸಾಲಿಗೆ ಹೋಗಿದೆ. ಅಚ್ಚಿನ ತಪ್ಪಲ್ಲ. ಮಾತ್ರೆ ಮುಗಿದಲ್ಲಿ ಸಾಲು ಮುಗಿಯುತ್ತದೆ, ಪದ ಅಲ್ಲ. ಓದುವಾಗ ಅಲ್ಲಿ ಉಸಿರು ತೆಗೆದುಕೊಳ್ಳದೆ ಮುಂದೆ ಹೋಗಿ.

ಈಗ ನಿಮ್ಮ ಕೆಲಸ

1. ‘ಬಡವರ ಬಿನ್ನಪವನಿನ್ನಾರು ಕೇಳುವರು’: ಈ ಮಾತನ್ನು ನಿಮ್ಮ ಮನೆಯ ಮಾತಿನಲ್ಲಿ ಬರೆಯಿರಿ. ಗದಗಿನ ಮಾತಲ್ಲೇ ಇರಲಿ, ಅಂಕ ಕಡಿಯುವುದಿಲ್ಲ.

2. ಪರಿವಾರಕ್ಕೆ ಹದ್ದಿನ ಬದಲು ತೋಳದ ಹಿಂಡು ಅಂದಿದ್ದರೆ ಅರ್ಥದಲ್ಲಿ ಏನು ಬದಲಾಗುತ್ತಿತ್ತು? ನಾಲ್ಕು ವಾಕ್ಯ.

3. ಆರನೆಯ ಸಾಲಿಗೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ. ‘ಕೇಳೆಂದ’ದ ಕೊನೆಯ ‘ದ’ವನ್ನು ಗುರು ಎಂದು ಎಣಿಸಿ.

4. ಒಳ್ಳೆಯ ಅರಸನಿಗೂ, ಅವನ ಮಂತ್ರಿಗೂ ಒಂದೊಂದು ರೂಪಕ ನೀವೇ ಕಟ್ಟಿ. ‘ಅಂತೆ’, ‘ಹಾಗೆ’ ಎರಡೂ ಬಳಸಬಾರದು. ‘ಅರಸು ದೇವರು’ ಅಂತ ಬರೆದರೆ ವಾಪಸ್ ಕೊಡುತ್ತೇನೆ, ಇನ್ನೊಮ್ಮೆ ಯೋಚಿಸಿ.

ಶನಿವಾರ ಮೊದಲ ಪಿರಿಯಡ್‌ಗೆ ಹಾಳೆ ತನ್ನಿ. ಒಬ್ಬರು ಪದ್ಯ ಜೋರಾಗಿ ಓದಬೇಕು, ಯಾರು ಅಂತ ಅವತ್ತೇ ಹೇಳುತ್ತೇನೆ.