ವಹಿವಾಟು ವೆಚ್ಚ ಮತ್ತು ಸಂಸ್ಥೆಯ ಗಡಿ: ಒಂದು ಹೊರಗುತ್ತಿಗೆಯ ಲೆಕ್ಕ

ಮಾರುಕಟ್ಟೆಯಲ್ಲಿ ಎಲ್ಲವೂ ಕೊಳ್ಳಲು ಸಿಗುವಾಗ ಸಂಸ್ಥೆಗಳು ಏಕಿವೆ? ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಕೇಳಿದ ಪ್ರಶ್ನೆ ಇದು. ಮಾರುಕಟ್ಟೆಯನ್ನು ಬಳಸುವುದಕ್ಕೂ ಖರ್ಚಿದೆ ಎಂಬುದು ಅವರ ಉತ್ತರ. ಮಾರಾಟಗಾರನನ್ನು ಹುಡುಕಬೇಕು, ಬೆಲೆ ಕುದುರಿಸಬೇಕು, ಕರಾರು ಬರೆಯಬೇಕು, ಅದು ಪಾಲನೆಯಾಗುತ್ತಿದೆಯೇ ಎಂದು ನೋಡುತ್ತಿರಬೇಕು. ಇವೇ ವಹಿವಾಟು ವೆಚ್ಚಗಳು. ಇನ್ನೊಂದು ಕೆಲಸವನ್ನು ಒಳಗೆ ನಡೆಸುವ ಖರ್ಚು ಅದನ್ನೇ ಹೊರಗೆ ಮಾಡಿಸುವ ಖರ್ಚಿಗೆ ಸಮವಾಗುವವರೆಗೆ ಸಂಸ್ಥೆ ಬೆಳೆಯುತ್ತದೆ. ಅಲ್ಲಿಗೆ ಅದರ ಗಡಿ.

ಈ ಉತ್ತರ ಸರಿ, ಆದರೆ ಯಾವ ಕೆಲಸಕ್ಕೆ ವಹಿವಾಟು ವೆಚ್ಚ ಹೆಚ್ಚು ಎಂಬುದನ್ನು ಅದು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದವರು ಆಲಿವರ್ ವಿಲಿಯಮ್ಸನ್. ಮನುಷ್ಯರ ವಿವೇಚನೆಗೆ ಮಿತಿಯಿದೆ, ಹಾಗಾಗಿ ಮುಂದಾಗುವುದನ್ನೆಲ್ಲ ಕರಾರಿನಲ್ಲಿ ಬರೆದಿಡಲಾಗದು. ಸಂದು ಸಿಕ್ಕರೆ ಕೆಲವರಾದರೂ ಅದನ್ನು ಬಳಸಿಕೊಳ್ಳುತ್ತಾರೆ. ಈ ಎರಡರ ಮೇಲೆ ಅವರು ನೋಡುವ ಗುಣಗಳು ಮೂರು: ವಹಿವಾಟು ಎಷ್ಟು ಸಲ ನಡೆಯುತ್ತದೆ, ಎಷ್ಟು ಅನಿಶ್ಚಿತ, ಅದಕ್ಕೆ ಹೂಡಿದ ಆಸ್ತಿ ಬೇರೆ ಕಡೆ ಎಷ್ಟು ಉಪಯೋಗಕ್ಕೆ ಬಾರದು. ಮೂರನೆಯದಾದ ಆಸ್ತಿ ನಿರ್ದಿಷ್ಟತೆಯೇ ನಿರ್ಣಾಯಕ.

ಉದಾಹರಣೆಗೆ ನೀರಿನ ಪಂಪ್ ತಯಾರಿಸುವ ಒಂದು ಸಂಸ್ಥೆಯನ್ನು ಊಹಿಸೋಣ. ಪಂಪಿನ ಅಲ್ಯೂಮಿನಿಯಂ ಕವಚ ವರ್ಷಕ್ಕೆ 20,000 ಬೇಕು. ತಾನೇ ಎರಕ ಹೊಯ್ದರೆ ಒಂದಕ್ಕೆ 100 ರೂಪಾಯಿ, ಒಳಗಿನ ಮೇಲ್ವಿಚಾರಣೆಗೆ 2, ಒಟ್ಟು 102. ಹೊರಗಿನ ಫೌಂಡ್ರಿಯೊಂದು ಮೂರು ವರ್ಷದ ಕರಾರಿಗೆ 88ರ ಕೊಟೇಶನ್ ಕೊಟ್ಟಿದೆ. ಖರೀದಿ ವಿಭಾಗ 88ನ್ನು 100ರ ಪಕ್ಕದಲ್ಲಿಟ್ಟು 12 ಉಳಿತಾಯ ಎನ್ನುತ್ತದೆ. ತಪ್ಪು ಇಲ್ಲಿಂದಲೇ ಶುರು.

ಫೌಂಡ್ರಿ ಹುಡುಕಿ ಕರಾರು ಮಾಡಿಕೊಳ್ಳಲು 60,000 ರೂಪಾಯಿ, ಅಂದರೆ ವರ್ಷಕ್ಕೆ 20,000. ಬಂದ ಮಾಲನ್ನು ತಪಾಸಣೆ ಮಾಡುವ ಸಿಬ್ಬಂದಿಗೆ 1,10,000. ರಿಜೆಕ್ಟ್ ಆದ ಕವಚಗಳು ಮತ್ತು ತಡವಾಗಿ ಬಂದ ಲೋಡಿನಿಂದ ಜೋಡಣೆ ಸಾಲು ನಿಲ್ಲುವುದರಿಂದ 70,000. ವರ್ಷಕ್ಕೆ 2,00,000, ಒಂದು ಕವಚಕ್ಕೆ 10. ನಿಜವಾದ ಹೋಲಿಕೆ 98 ಮತ್ತು 102ರ ನಡುವೆ. ಉಳಿತಾಯ 4.

ಇಷ್ಟಾದರೂ ಹೊರಗುತ್ತಿಗೆಯೇ ಅಗ್ಗ. ಆದರೆ ಕರಾರಿನ ಮೊದಲ ದಿನ ಇದ್ದ ಹತ್ತಾರು ಸ್ಪರ್ಧಿಗಳು ಎರಡನೇ ವರ್ಷಕ್ಕೆ ಇರುವುದಿಲ್ಲ. ಕವಚವನ್ನು ಎರಕ ಹೊಯ್ಯುವ ಅಚ್ಚು, ಅಂದರೆ ಡೈ, ಫೌಂಡ್ರಿಯದು, ಅದು ಈ ಪಂಪಿಗೆ ಮಾತ್ರ ಹೊಂದುತ್ತದೆ. ಬೇರೆಯವರ ಬಳಿ ಹೋಗಬೇಕೆಂದರೆ ಹೊಸ ಡೈಗೆ 1,50,000, ಪ್ರಾಯೋಗಿಕ ಎರಕ ಮತ್ತು ನಿಂತ ಉತ್ಪಾದನೆಗೆ 90,000. ಈ 2,40,000 ಉಳಿದ ಎರಡು ವರ್ಷಗಳ 40,000 ಕವಚಗಳಿಗೆ ಹಂಚಿದರೆ ತಲಾ 6. ಬೇರೆ ಫೌಂಡ್ರಿಯ ದರವೂ 88 ಎಂದುಕೊಂಡರೆ, 6ಕ್ಕಿಂತ ಕಡಿಮೆ ಏರಿಸಿದಷ್ಟು ದಿನ ಪಂಪ್ ಸಂಸ್ಥೆ ಬಿಟ್ಟು ಹೋಗುವುದಿಲ್ಲ ಎಂಬುದು ಫೌಂಡ್ರಿಗೆ ಚೆನ್ನಾಗಿ ಗೊತ್ತು. ಮಿಶ್ರಲೋಹದ ದರ್ಜೆ ಸ್ವಲ್ಪ ಬದಲಾಯಿತು, ಕರಾರಿನಲ್ಲಿ ಅದರ ಮಾತಿಲ್ಲ ಎಂಬ ನೆಪದಲ್ಲಿ ಅದು 88ನ್ನು 93 ಮಾಡುತ್ತದೆ. ವೆಚ್ಚ 103. ಒಳಗೆ ಮಾಡುವುದಕ್ಕಿಂತ 1 ಹೆಚ್ಚು. ಇದೇ ಹೋಲ್ಡ್-ಅಪ್.

ಫೌಂಡ್ರಿಯೂ ಸುರಕ್ಷಿತವಲ್ಲ. ಡೈ ಗುಜರಿಗೆ ಹೋದರೆ 10,000 ಮಾತ್ರ ಬರುವುದಾದರೆ, ಹೊಸದಿದ್ದಾಗ ಉಳಿದ 1,40,000ವನ್ನು ಅಡವಿಟ್ಟಂತೆಯೇ. ಪಂಪ್ ಸಂಸ್ಥೆ ಆರ್ಡರ್ ಕಡಿತದ ಬೆದರಿಕೆ ಹಾಕಿ ದರ ಇಳಿಸಬಹುದು. ಬುದ್ಧಿವಂತ ಫೌಂಡ್ರಿ ಈ ಭಯವನ್ನು ಮೊದಲೇ ಕೊಟೇಶನ್ನಿಗೆ ಸೇರಿಸುತ್ತದೆ ಅಥವಾ ಕಳಪೆ ಡೈ ಮಾಡುತ್ತದೆ. ಕಣ್ಣಿಗೆ ಕಾಣದ ಈ ನಷ್ಟ ನನ್ನ ದೃಷ್ಟಿಯಲ್ಲಿ ಬೆಲೆ ಏರಿಕೆಗಿಂತ ಗಂಭೀರ, ಏಕೆಂದರೆ ಯಾವ ಲೆಕ್ಕಪುಸ್ತಕದಲ್ಲೂ ಅದು ದಾಖಲಾಗುವುದಿಲ್ಲ.

ಅದೇ ಸಂಸ್ಥೆ ರಟ್ಟಿನ ಪೆಟ್ಟಿಗೆಗಳನ್ನು ಹೊರಗಿನಿಂದಲೇ ತರಿಸಬೇಕು. ಅಳತೆ ಸಾಮಾನ್ಯ, ಪೂರೈಕೆದಾರರು ಅನೇಕರು, ಒಬ್ಬ ಕೈಕೊಟ್ಟರೆ ವಾರದಲ್ಲಿ ಇನ್ನೊಬ್ಬ ಸಿಗುತ್ತಾನೆ. ಗಡಿಯನ್ನು ಎಳೆಯುವುದು ವಹಿವಾಟು ವಹಿವಾಟಿಗೆ ಪ್ರತ್ಯೇಕವಾಗಿ, ಇಡೀ ಸಂಸ್ಥೆಗೆ ಒಮ್ಮೆಗೇ ಅಲ್ಲ.

ಹಾಗಾದರೆ ಕವಚವನ್ನು ಒಳಗೇ ಮಾಡಬೇಕೇ? ಆತುರ ಬೇಡ. ಒಳಗಿನ ವಿಭಾಗಕ್ಕೆ ಗಿರಾಕಿ ಕಳೆದುಹೋಗುವ ಭಯವಿಲ್ಲ, ಅಲ್ಲಿ ದುಂದು ಸುಲಭ. 102 ಎಂಬುದು ಕಾಲಕ್ರಮೇಣ ಏರಬಹುದು. ನಡುದಾರಿಯೊಂದಿದೆ. ಪಂಪ್ ಸಂಸ್ಥೆ ಎರಡನೇ ಡೈಯನ್ನು ತನ್ನ ಹೆಸರಿನಲ್ಲೇ ಮಾಡಿಸಿ ಇನ್ನೊಂದು ಫೌಂಡ್ರಿಗೆ 30 ಶೇಕಡಾ ಆರ್ಡರ್ ಕೊಡಲಿ, ಅಲ್ಯೂಮಿನಿಯಂ ದರದೊಂದಿಗೆ ಏರಿಳಿಯುವ ಬೆಲೆಸೂತ್ರವನ್ನು ಕರಾರಿನಲ್ಲಿ ಬರೆಯಲಿ. ಡೈಯ 1,50,000 ಮೂರು ವರ್ಷಗಳ 60,000 ಕವಚಗಳಿಗೆ ತಲಾ 2.5, ಎರಡು ಕಡೆಯ ತಪಾಸಣೆಗೆ ಹೆಚ್ಚುವರಿ 1. ಮೊದಲಿನ 98ಕ್ಕೆ ಇವು ಸೇರಿ ಒಟ್ಟು 101.5. 102ರ ಎದುರು ಗೆಲುವು ಅರ್ಧ ರೂಪಾಯಿ ಮಾತ್ರ, ಆದರೆ 93ರ ಬೆದರಿಕೆಗೆ ಬಲವಿಲ್ಲ.

ಈ ಅರ್ಧ ಬಹಳ ತೆಳು. ಬೇಡಿಕೆ ವರ್ಷಕ್ಕೆ 15,000ಕ್ಕೆ ಇಳಿದರೆ, ಉಳಿದ ತಲಾವೆಚ್ಚಗಳು ಬದಲಾಗಲಿಲ್ಲ ಎಂದುಕೊಂಡರೂ, ಎರಡನೇ ಡೈಯ ಪಾಲು 3.33 ಆಗಿ ಒಟ್ಟು 102.33 ತಲುಪುತ್ತದೆ, ಕವಚ ಮತ್ತೆ ಸಂಸ್ಥೆಯೊಳಗೆ ಬರುತ್ತದೆ.